ಹಿಗ್ಗಿದಲ್ಲಿ ತೆಳು, ಕುಗ್ಗಿದಲ್ಲಿ ದಪ್ಪ

ಚೌಕಾಕಾರದ ಒಂದು ಸೈಟು ಇದೆ ಎಂದುಕೊಳ್ಳಿ. ಅದರ ಒಂದು ಬದಿ ಸೊನ್ನೆಯಿಂದ 100 ಅಡಿಯೊಳಗೆ ಎಷ್ಟು ಬೇಕಾದರೂ ಇರಬಹುದು. ಇಂಥದೇ ಅಳತೆ ಎಂಬ ಒಲವಿಲ್ಲ, ಎಲ್ಲ ಅಳತೆಗೂ ಸಮಾನ ಅವಕಾಶ. ಹಾಗಾದರೆ ಸೈಟಿನ ವಿಸ್ತೀರ್ಣ 5,000 ಚದರ ಅಡಿಯೊಳಗೆ ಇರುವ ಸಾಧ್ಯತೆ ಎಷ್ಟು?

ಅತಿ ದೊಡ್ಡ ಸೈಟು 10,000 ಚದರ ಅಡಿ. 5,000 ಎಂದರೆ ಅದರ ಅರ್ಧ. ಆದ್ದರಿಂದ ಸಾಧ್ಯತೆಯೂ ಅರ್ಧ ಎಂದು ಬಾಯಿಗೆ ಬಂದುಬಿಡುತ್ತದೆ. ಆದರೆ ವಿಸ್ತೀರ್ಣ 5,000ದೊಳಗೆ ಇರಬೇಕಾದರೆ ಬದಿ 70.7 ಅಡಿಯೊಳಗೆ ಇದ್ದರೆ ಸಾಕು. ಬದಿಗೆ ಎಲ್ಲ ಅಳತೆಯೂ ಸಮಾನ ಎಂದು ಮೊದಲೇ ಒಪ್ಪಿಕೊಂಡಿದ್ದೇವೆ, ಹಾಗಾಗಿ ಸಾಧ್ಯತೆ ಶೇ. 70.7. ಇನ್ನೂ ಕೆಳಗೆ ಹೋದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ವಿಸ್ತೀರ್ಣ 1,000 ಚದರ ಅಡಿಯೊಳಗೆ ಇರುವುದಕ್ಕೆ ಬದಿ 31.6 ಅಡಿಯೊಳಗಿದ್ದರಾಯಿತು. ಅಂದರೆ ವಿಸ್ತೀರ್ಣದ ಹತ್ತರಲ್ಲಿ ಒಂದು ಪಾಲಿನೊಳಗೇ ಸುಮಾರು ಮೂರರಲ್ಲೊಂದು ಭಾಗ ಸಾಧ್ಯತೆ ಬಂದು ಕೂತಿದೆ. ತುತ್ತತುದಿಯ ಹತ್ತನೇ ಪಾಲಿಗೆ, ಎಂದರೆ 9,000ದಿಂದ 10,000ದವರೆಗಿನ ಸೈಟುಗಳಿಗೆ, ಸಿಗುವುದು ಶೇ. 5ರಷ್ಟು ಮಾತ್ರ.

ಬದಿಗೆ ಇದ್ದ ಸಮಪಾಲು ವಿಸ್ತೀರ್ಣಕ್ಕೆ ಬರುವ ಹೊತ್ತಿಗೆ ಕೆಟ್ಟುಹೋಯಿತು. ಎಲ್ಲಿ ಎಷ್ಟು ಕೆಟ್ಟಿತು ಎಂದು ನಿಖರವಾಗಿ ಹೇಳುವ ಲೆಕ್ಕಕ್ಕೆ ಸಂಭವನೀಯತೆಯ ಪಾಠದಲ್ಲಿ ಚರ ಬದಲಾವಣೆಯ ವಿಧಾನ ಎನ್ನುತ್ತಾರೆ. ಬಿ.ಎಸ್ಸಿ. ಮಾಡಿದವರು ಇದನ್ನು ಒಂದು ಸೂತ್ರವಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತಿರುತ್ತಾರೆ. ಸೂತ್ರ ಎಲ್ಲಿಂದ ಬಂತು ಎಂದು ಕಂಡುಕೊಂಡರೆ ಬಾಯಿಪಾಠದ ಹಂಗಿಲ್ಲ.

ಮೊದಲು ಸಾಂದ್ರತೆ ಎಂದರೇನು ಎಂದು ತಿಳಿದುಕೊಳ್ಳೋಣ. ಬದಿ ಸರಿಯಾಗಿ 50 ಅಡಿ ಇರುವ ಸಾಧ್ಯತೆ ಎಷ್ಟು ಎಂದು ಕೇಳಿದರೆ ಉತ್ತರ ಸೊನ್ನೆ. 50 ಎಂದರೆ 50.0001 ಅಲ್ಲ, 49.99999 ಅಲ್ಲ, ಕೂದಲೆಳೆಯ ವ್ಯತ್ಯಾಸವನ್ನೂ ಒಪ್ಪದ ಒಂದೇ ಒಂದು ಬಿಂದುವಿಗೆ ಪಾಲು ಸಿಗುವುದಿಲ್ಲ. ಪಾಲು ಸಿಗುವುದು ಒಂದು ಅಂತರಕ್ಕೆ: 50ರಿಂದ 51ರವರೆಗೆ ಎಂದು ಕೇಳಿದರೆ ನೂರರಲ್ಲಿ ಒಂದು. ಹೀಗೆ ‘ಅಡಿಗೆ ಇಷ್ಟು’ ಎಂದು ಹೇಳುವ ದರವೇ ಸಾಂದ್ರತೆ. ನಮ್ಮ ಬದಿಯ ಸಾಂದ್ರತೆ ಎಲ್ಲ ಕಡೆಯೂ ಅಡಿಗೆ 1/100. ಹೀಗೆ ಎಲ್ಲೆಡೆ ಒಂದೇ ದರವಿದ್ದರೆ ಅದು ಏಕರೂಪ ಹಂಚಿಕೆ. ಈಗ ಬೇಕಾಗಿರುವುದು ವಿಸ್ತೀರ್ಣದ ಸಾಂದ್ರತೆ, ಅಂದರೆ ‘ಚದರ ಅಡಿಗೆ ಇಷ್ಟು’ ಎಂಬ ದರ.

ಮೂರು ಜಾಗಗಳಲ್ಲಿ ಒಂದೊಂದು ಅಡಿಯ ತುಂಡನ್ನು ತೆಗೆದುಕೊಂಡು ನೋಡೋಣ. ಬದಿ 10ರಿಂದ 11 ಅಡಿಗೆ ಹೋದಾಗ ವಿಸ್ತೀರ್ಣ 100ರಿಂದ 121ಕ್ಕೆ ಹೋಗುತ್ತದೆ, ಅಂದರೆ 21 ಚದರ ಅಡಿಯ ಅಂತರ. ಬದಿ 50ರಿಂದ 51ಕ್ಕೆ ಹೋದಾಗ ವಿಸ್ತೀರ್ಣ 2,500ರಿಂದ 2,601, ಅಂತರ 101. ಬದಿ 99ರಿಂದ 100ಕ್ಕೆ ಹೋದಾಗ 9,801ರಿಂದ 10,000, ಅಂತರ 199. ಮೂರು ತುಂಡುಗಳಿಗೂ ಸಾಧ್ಯತೆ ತಲಾ ಶೇ. 1. ಅದೇ ಶೇ. 1 ಒಂದು ಕಡೆ 21 ಚದರ ಅಡಿಯಲ್ಲಿ ಒತ್ತೊತ್ತಾಗಿ ಕೂರಬೇಕು, ಇನ್ನೊಂದು ಕಡೆ 199 ಚದರ ಅಡಿಯ ಮೇಲೆ ಹರಡಿಕೊಳ್ಳಬೇಕು.

ಅಕ್ಕಿರೊಟ್ಟಿ ತಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟಿನ ಉಂಡೆ ಅಷ್ಟೇ ಇದೆ. ಬೆರಳು ಎಲ್ಲಿ ಹೆಚ್ಚು ಎಳೆಯಿತೋ ಅಲ್ಲಿ ರೊಟ್ಟಿ ತೆಳ್ಳಗಾಯಿತು, ಎಲ್ಲಿ ಎಳೆಯಲಿಲ್ಲವೋ ಅಲ್ಲಿ ದಪ್ಪ ಉಳಿಯಿತು.

ಎಷ್ಟು ಎಳೆದಿದೆ ಎನ್ನುವುದಕ್ಕೆ ಕ್ಯಾಲ್ಕುಲಸ್‌ನಲ್ಲಿ ಮೊದಲಿನಿಂದಲೂ ಒಂದು ಅಳತೆಯಿದೆ, ಅದೇ ಡೆರಿವೇಟಿವ್. ವಿಸ್ತೀರ್ಣ ಬದಿಯ ವರ್ಗ. ಅದರ ಡೆರಿವೇಟಿವ್ ಬದಿಯ ಎರಡರಷ್ಟು. ಮೇಲಿನ ತುಂಡುಗಳ ನಡುವಿನ ಬಿಂದುಗಳಲ್ಲಿ ನೋಡಿ: 10.5ರ ಎರಡರಷ್ಟು 21, 50.5ರ ಎರಡರಷ್ಟು 101, 99.5ರ ಎರಡರಷ್ಟು 199. ನಾವು ಕೂಡಿ ಕಳೆದು ಪಡೆದ ಅಂಕಿಗಳೇ ಅವು. ಹಾಗಾಗಿ ವಿಸ್ತೀರ್ಣದ ಸಾಂದ್ರತೆ ಬೇಕಾದರೆ ಬದಿಯ ಸಾಂದ್ರತೆಯನ್ನು ಈ ಹಿಗ್ಗುವಿಕೆಯಿಂದ ಭಾಗಿಸಿದರಾಯಿತು. ಬದಿಯನ್ನು x, ವಿಸ್ತೀರ್ಣವನ್ನು y ಎಂದು ಕರೆದರೆ:

f(y) = f(x) ÷ |dy/dx|

ವಿಧಾನ ಪೂರ್ತಿ ಇಷ್ಟೇ. ಡೆರಿವೇಟಿವ್‌ನ ಎರಡು ಬದಿಗೆ ನಿಂತ ಗೆರೆಗಳು ಋಣ ಚಿಹ್ನೆ ಬಂದರೆ ಅದನ್ನು ಕೈಬಿಡಿ ಎನ್ನುತ್ತವೆ. x ಏರಿದಂತೆ y ಇಳಿಯುವ ಸಂದರ್ಭಗಳಲ್ಲಿ ಡೆರಿವೇಟಿವ್ ಋಣವಾಗುತ್ತದೆ, ಆದರೆ ಸಾಧ್ಯತೆ ಎಂದೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಏರಿಕೆಯೋ ಇಳಿಕೆಯೋ ಎಂಬುದು ಇಲ್ಲಿ ಮುಖ್ಯವಲ್ಲ, ಎಷ್ಟು ಎಳೆಯಿತು ಎಂಬುದಷ್ಟೇ ಮುಖ್ಯ. ನಮ್ಮ ಸೈಟಿಗೆ ಸೂತ್ರ ಹಾಕಿದರೆ 1/100ನ್ನು 2xನಿಂದ ಭಾಗಿಸಬೇಕು. ಉತ್ತರ yಯಲ್ಲಿ ಇರಬೇಕಾದ್ದರಿಂದ xನ ಜಾಗದಲ್ಲಿ √y ಬರೆಯುತ್ತೇವೆ:

f(y) = 1 ÷ (200√y),  0 < y < 10000

ಆ ಕೊನೆಯ ಮಿತಿಯನ್ನು ಬರೆಯಲು ಬಹಳ ಮಂದಿ ಮರೆಯುತ್ತಾರೆ. ಅದನ್ನು ಬಿಟ್ಟರೆ ಸೂತ್ರಕ್ಕೆ ಅರ್ಥವೇ ಇಲ್ಲ, ಏಕೆಂದರೆ 10,000ದ ಆಚೆಗೂ 1/(200√y) ಎಂಬ ಸಂಖ್ಯೆ ಇದ್ದೇ ಇರುತ್ತದೆ, ಅಲ್ಲಿ ಸೈಟು ಮಾತ್ರ ಇರುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಮೊದಲ ಬಾರಿ ಲೆಕ್ಕ ಮಾಡುವವರಲ್ಲಿ ತೀರಾ ಸಾಮಾನ್ಯ. ಭಾಗಿಸುವುದನ್ನೇ ಮರೆತು, ಬದಿಯ ಸಾಂದ್ರತೆ 1/100 ತಾನೆ, ವಿಸ್ತೀರ್ಣದ್ದೂ ಅಷ್ಟೇ ಎಂದು ಬರೆದುಬಿಡುವುದು. ಇದನ್ನು ಹಿಡಿಯುವುದು ಸುಲಭ. ಎಲ್ಲ ಸಾಧ್ಯತೆಗಳನ್ನೂ ಕೂಡಿದರೆ ಮೊತ್ತ 1 ಬರಬೇಕು. ಚದರ ಅಡಿಗೆ 1/100ರಂತೆ 10,000 ಚದರ ಅಡಿಗೆ ಕೂಡಿದರೆ 100 ಬರುತ್ತದೆ! ನಮ್ಮ ಸರಿಯಾದ ಸೂತ್ರಕ್ಕೆ ಇದೇ ಪರೀಕ್ಷೆ ಮಾಡಿ. 1/(200√y)ಯನ್ನು ಸೊನ್ನೆಯಿಂದ ಒಂದು y ತನಕ ಕೂಡಿದರೆ √y/100 ಸಿಗುತ್ತದೆ, y = 10,000 ಎಂದಾಗ ಅದು ಸರಿಯಾಗಿ 1. ಆ √y/100 ನಮಗೆ ಹೊಸದಲ್ಲ. ಮೊದಲ ಪ್ರಶ್ನೆಗೆ ಉತ್ತರ ಹುಡುಕುವಾಗ 5,000ದ ವರ್ಗಮೂಲ ತೆಗೆದು 100ರಿಂದ ಭಾಗಿಸಿದ್ದು ಇದನ್ನೇ. ‘ಇಷ್ಟರೊಳಗೆ ಇರುವ ಸಾಧ್ಯತೆ’ಯನ್ನು ಮೊದಲು ಬರೆದು ಆಮೇಲೆ ಅದರ ಡೆರಿವೇಟಿವ್ ತೆಗೆದರೂ ಸಾಂದ್ರತೆ ಬರುತ್ತದೆ. ಅದು ನಿಧಾನದ ದಾರಿ, ಆದರೆ ಎಡವುವ ಭಯ ಕಡಿಮೆ. ಚರ ಬದಲಾವಣೆಯ ಉತ್ತರದ ಮೇಲೆ ಅನುಮಾನ ಬಂದಾಗ ಈ ದಾರಿಯಲ್ಲಿ ಹೋಗಿ ತಾಳೆ ನೋಡುವುದು ಒಳ್ಳೆಯದು.

ಇಷ್ಟರಲ್ಲಿ ಒಂದು ತಕರಾರು ಏಳಬಹುದು, ಏಳಬೇಕು ಕೂಡ. ಬದಿಗೆ ಸಮಾನ ಅವಕಾಶ ಎಂದು ಯಾರು ಹೇಳಿದರು? ವಿಸ್ತೀರ್ಣಕ್ಕೇ ಸಮಾನ ಅವಕಾಶ ಎಂದು ಶುರುಮಾಡಿದ್ದರೆ 5,000ದೊಳಗೆ ಇರುವ ಸಾಧ್ಯತೆ ಅರ್ಧವೇ ಆಗುತ್ತಿತ್ತಲ್ಲ? ನಿಜ, ಆಗುತ್ತಿತ್ತು. ಫ್ರೆಂಚ್ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ 1889ರ ತನ್ನ ಪುಸ್ತಕದಲ್ಲಿ ವೃತ್ತದ ಜ್ಯಾಗಳನ್ನು ಇಟ್ಟುಕೊಂಡು ಇದೇ ಬಗೆಯ ಪೇಚನ್ನು ಒಡ್ಡಿದ: ‘ಯಾವುದೋ ಒಂದನ್ನು ಆರಿಸು’ ಎಂದರೆ ಸಾಲದು, ಯಾವುದಕ್ಕೆ ಸಮಪಾಲು ಎಂದು ಹೇಳದೆ ಉತ್ತರ ಒಂದೇ ಆಗಲಾರದು. ನಮ್ಮ ಸೂತ್ರ ಒಂದು ಅಳತೆಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಸಮಪಾಲು ಎಲ್ಲಿದೆ ಎಂಬುದನ್ನು ಪ್ರಶ್ನೆಯೇ ಹೇಳಬೇಕು. ಕೆಲವು ಪ್ರಶ್ನೆಗಳಲ್ಲಿ ಅದು ತಾನಾಗಿ ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ತಿರುಗುವ ವಸ್ತುವಿದ್ದರೆ ಅದರ ಕೋನಕ್ಕೆ ಸಮಪಾಲು, ಅದರಲ್ಲಿ ವಾದವಿಲ್ಲ.

ಅಂಥ ಪ್ರಶ್ನೆಗಳಲ್ಲಿ ಹೆಸರುವಾಸಿಯಾದದ್ದು ದೀಪಸ್ತಂಭದ ಸಮಸ್ಯೆ. ಕೇಂಬ್ರಿಡ್ಜ್‌ನ ಸ್ಟೀಫನ್ ಗಲ್ 1988ರಲ್ಲಿ ಬರೆದ ಲೇಖನದ ಮೂಲಕ ಇದು ಪ್ರಸಿದ್ಧವಾಯಿತು. ನೇರವಾದ ಕರಾವಳಿ, ಅದರಿಂದ ಒಂದು ಕಿಲೋಮೀಟರ್ ಆಚೆ ಸಮುದ್ರದಲ್ಲಿ ಒಂದು ದೀಪಸ್ತಂಭ. ನಮ್ಮ ಕಾಪುವಿನ ದೀಪಸ್ತಂಭದಂತೆ ದಡದ ಬಂಡೆಯ ಮೇಲೆ ನಿಂತರೆ ಇದಕ್ಕೆ ಆಗುವುದಿಲ್ಲ, ನೀರಿನ ಆಚೆಯೇ ಇರಬೇಕು. ದೀಪ ತಿರುಗುತ್ತಾ ಹೊತ್ತುಗೊತ್ತಿಲ್ಲದೆ ಒಂದೊಂದು ಚಿಕ್ಕ ಮಿಂಚು ಬಿಡುತ್ತದೆ. ಕರಾವಳಿಯ ಉದ್ದಕ್ಕೂ ಇಟ್ಟ ಉಪಕರಣಗಳು ಮಿಂಚು ಬಂದು ತಾಗಿದ ಜಾಗವನ್ನು ಗುರುತಿಸಿಕೊಳ್ಳುತ್ತವೆ. ಅದು ಯಾವ ದಿಕ್ಕಿನಿಂದ ಬಂತು ಎಂಬುದು ಅವಕ್ಕೆ ತಿಳಿಯದು. ಪ್ರಶ್ನೆ ಇದು: ದಡದ ಯಾವ ಭಾಗಕ್ಕೆ ಎಷ್ಟು ಮಿಂಚು ಬೀಳುತ್ತದೆ?

ದೀಪದಿಂದ ದಡಕ್ಕೆ ನೇರ ಎದುರಿನ ಬಿಂದುವನ್ನು ಸೊನ್ನೆ ಎನ್ನೋಣ. ಕಿರಣ ಆ ನೇರದಿಂದ ಓರೆಯಾದ ಕೋನವನ್ನು t ಎನ್ನೋಣ. ಸಮುದ್ರದ ಕಡೆ ಹೋದ ಮಿಂಚುಗಳನ್ನು ಬಿಟ್ಟರೆ t ಎಡಕ್ಕೆ 90 ಡಿಗ್ರಿಯಿಂದ ಬಲಕ್ಕೆ 90 ಡಿಗ್ರಿಯವರೆಗೆ, ಎಲ್ಲ ಕೋನಕ್ಕೂ ಸಮಾನ ಅವಕಾಶ. 180 ಡಿಗ್ರಿಗಳಲ್ಲಿ ಪ್ರತಿ ಡಿಗ್ರಿಗೆ 1/180 ಪಾಲು. ದಡದ ಮೇಲೆ ಮಿಂಚು ಬೀಳುವ ಜಾಗ y = tan t ಕಿಲೋಮೀಟರ್.

ಸೂತ್ರಕ್ಕೆ ಮುಂಚೆ ಮತ್ತೆ ತುಂಡುಗಳನ್ನೇ ನೋಡೋಣ. 0ಯಿಂದ 1 ಡಿಗ್ರಿ ತಿರುಗಿದಾಗ ಕಿರಣ ದಡದ ಮೇಲೆ 17.5 ಮೀಟರ್ ಸರಿಯುತ್ತದೆ. 60ರಿಂದ 61 ಡಿಗ್ರಿಗೆ ತಿರುಗಿದಾಗ 72 ಮೀಟರ್. 80ರಿಂದ 81ಕ್ಕೆ 642 ಮೀಟರ್. 88ರಿಂದ 89ಕ್ಕೆ ತಿರುಗುವ ಆ ಒಂದು ಡಿಗ್ರಿಯಲ್ಲಿ ಕಿರಣ ದಡದ ಉದ್ದಕ್ಕೆ 28.7 ಕಿಲೋಮೀಟರ್ ಓಡುತ್ತದೆ. ನಾಲ್ಕಕ್ಕೂ ಸಿಗುವ ಪಾಲು ಅದೇ 1/180. ಎದುರಿನ ದಡದಲ್ಲಿ 17 ಮೀಟರಿಗೆ ಬಿದ್ದಷ್ಟೇ ಮಿಂಚು ದೂರದಲ್ಲಿ 28 ಕಿಲೋಮೀಟರಿಗೆ ಹಂಚಿಹೋಗುತ್ತದೆ.

ಈಗ ಸೂತ್ರ. ಕೋನವನ್ನು ರೇಡಿಯನ್‌ನಲ್ಲಿ ಅಳೆಯಬೇಕು, ಡಿಗ್ರಿಯಲ್ಲಿ ಇಟ್ಟುಕೊಂಡು ಡೆರಿವೇಟಿವ್ ತೆಗೆದರೆ ಲೆಕ್ಕ ಕೆಡುತ್ತದೆ. 180 ಡಿಗ್ರಿ ಎಂದರೆ π ರೇಡಿಯನ್, ಆದ್ದರಿಂದ ಕೋನದ ಸಾಂದ್ರತೆ 1/π. tan tಯ ಡೆರಿವೇಟಿವ್ 1 + tan² t, ಅಂದರೆ 1 + y². ಭಾಗಿಸಿದರೆ:

f(y) = 1 ÷ (π(1 + y²))

ತುಂಡುಗಳೊಡನೆ ಹೋಲಿಸಿ ನೋಡಿ. 60 ಡಿಗ್ರಿಯಲ್ಲಿ y ಎಂದರೆ 1.732 ಕಿಲೋಮೀಟರ್, ಅದರ ವರ್ಗ 3. ಹಾಗಾಗಿ ಅಲ್ಲಿನ ಸಾಂದ್ರತೆ ಎದುರಿನ ಬಿಂದುವಿನಲ್ಲಿರುವುದರ ಕಾಲು ಭಾಗ. ತುಂಡಿನ ಲೆಕ್ಕದಲ್ಲೂ 17.5 ಮೀಟರ್ ಹಿಗ್ಗಿ 72 ಆಗಿತ್ತು, ಸುಮಾರು ನಾಲ್ಕರಷ್ಟು. ದೀಪ ಒಂದು ಕಿಲೋಮೀಟರ್ ಬದಲು d ಕಿಲೋಮೀಟರ್ ದೂರವಿದ್ದರೆ ಸೂತ್ರ d ÷ (π(d² + y²)) ಎಂದಾಗುತ್ತದೆ, ಅಷ್ಟೇ.

ಈ ಸಾಂದ್ರತೆಗೆ ಕೋಶಿ ಹಂಚಿಕೆ ಎಂದು ಹೆಸರು. ನೋಡಲು ಅದು ಗಂಟೆಯಾಕಾರದ ಸಾಮಾನ್ಯ ಹಂಚಿಕೆಯ ತಮ್ಮನಂತೆಯೇ ಇದೆ: ನಡುವೆ ಗುಡ್ಡ, ಎರಡೂ ಕಡೆ ಇಳಿಜಾರು. ಸ್ವಭಾವ ಮಾತ್ರ ಬೇರೆ. ಅರ್ಧದಷ್ಟು ಮಿಂಚುಗಳು ಸೊನ್ನೆಯಿಂದ ಎರಡೂ ಕಡೆ ಒಂದೊಂದು ಕಿಲೋಮೀಟರ್ ಒಳಗೇ ಬೀಳುತ್ತವೆ, ಏಕೆಂದರೆ ಅದು ಎಡ ಬಲ 45 ಡಿಗ್ರಿಯ ಒಳಗಿನ ಭಾಗ. ಆದರೆ ಹತ್ತು ಕಿಲೋಮೀಟರಿನ ಆಚೆಗೂ ಶೇ. 6.3ರಷ್ಟು ಬೀಳುತ್ತವೆ. ನೂರು ಕಿಲೋಮೀಟರಿನ ಆಚೆಗೆ ಸಾವಿರಕ್ಕೆ ಆರು. ಭೂಮಿ ಉರುಟು, ಬೆಳಕು ಮಂದವಾಗುತ್ತದೆ ಎಂಬುದನ್ನೆಲ್ಲ ಲೆಕ್ಕದಲ್ಲಿ ಪಕ್ಕಕ್ಕಿಟ್ಟಿದ್ದೇವೆ ಎಂಬುದು ನೆನಪಿರಲಿ. ಮುಖ್ಯ ವಿಷಯವೆಂದರೆ ಬಾಲ ಬೇಗ ಸವೆಯುವುದಿಲ್ಲ.

ಆ ಬಾಲದಿಂದ ಆಗುವ ಅವಾಂತರ ದೊಡ್ಡದು. ಮಿಂಚು ಬಿದ್ದ ಜಾಗಗಳನ್ನೆಲ್ಲ ಕೂಡಿ ಸರಾಸರಿ ತೆಗೆದರೆ ದೀಪದ ಎದುರಿನ ಬಿಂದು ಸಿಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಿಗುವುದಿಲ್ಲ. ಬಲಗಡೆಯ ದೂರಗಳನ್ನಷ್ಟೇ ಅವುಗಳ ಸಾಂದ್ರತೆಯೊಡನೆ ಗುಣಿಸಿ L ಕಿಲೋಮೀಟರಿನವರೆಗೆ ಕೂಡುತ್ತಾ ಹೋದರೆ ಮೊತ್ತ ಒಂದು ಕಡೆ ನಿಲ್ಲುವುದೇ ಇಲ್ಲ, L ಬೆಳೆದಂತೆ ಲಾಗರಿದಮ್ಮಿನ ಗತಿಯಲ್ಲಿ ಏರುತ್ತಲೇ ಇರುತ್ತದೆ. ಎಡಗಡೆಯದೂ ಹಾಗೆಯೇ. ಅನಂತದಿಂದ ಅನಂತವನ್ನು ಕಳೆದು ಸೊನ್ನೆ ಎನ್ನಲು ಬರುವುದಿಲ್ಲ. ಆದ್ದರಿಂದ ಈ ಹಂಚಿಕೆಗೆ ಸರಾಸರಿ ಎಂಬುದೇ ಇಲ್ಲ. ಲಕ್ಷ ಮಿಂಚುಗಳ ಸರಾಸರಿ ತೆಗೆದರೂ ಅದು ಒಂದೇ ಒಂದು ಮಿಂಚು ಎಷ್ಟು ಅಡ್ಡಾದಿಡ್ಡಿಯೋ ಅಷ್ಟೇ ಅಡ್ಡಾದಿಡ್ಡಿ. ಫ್ರಾನ್ಸಿನ ಪ್ವಾಸೋನ್ 1824ರಲ್ಲೇ ಈ ವಿಚಿತ್ರವನ್ನು ಗಮನಿಸಿದ್ದ. ಹಂಚಿಕೆಗೆ ಹೆಸರು ಅಂಟಿದ್ದು ಮಾತ್ರ ಕೋಶಿಗೆ. 1853ರಲ್ಲಿ ಆತ ಬೀನೆಮೆ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ವಾದಕ್ಕೆ ಇಳಿದಾಗ ಇದನ್ನು ಅಸ್ತ್ರವಾಗಿ ಬಳಸಿದ. ಗಣಿತದಲ್ಲಿ ಹೆಸರು ಸಲ್ಲುವ ರೀತಿಯೇ ಹೀಗೆ, ಮೊದಲು ಕಂಡವರಿಗಿಂತ ಜೋರಾಗಿ ಜಗಳವಾಡಿದವರ ಪಾಲಾಗುತ್ತದೆ.

ನಂಬಿಕೆ ಬಾರದಿದ್ದರೆ ಕಂಪ್ಯೂಟರಿನಲ್ಲಿ ಮಾಡಿ ನೋಡಬಹುದು. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳು 0 ಮತ್ತು 1ರ ನಡುವೆ ಸಮಪಾಲಿನ ಸಂಖ್ಯೆಯೊಂದನ್ನು ಕೊಡುತ್ತವೆ. ಅದನ್ನು ಕೋನವಾಗಿಸಿ tan ತೆಗೆದರೆ ದೀಪಸ್ತಂಭ ಸಿದ್ಧ.

```python
import math, random
y = [math.tan(math.pi * (random.random() - 0.5))
     for _ in range(100000)]
print(sum(abs(v) < 1 for v in y) / len(y))
print(sum(y) / len(y))
```

ಮೊದಲ ಸಾಲಿನ ಉತ್ತರ ಎಷ್ಟು ಸಲ ಓಡಿಸಿದರೂ 0.5ರ ಆಸುಪಾಸಿನಲ್ಲೇ ಇರುತ್ತದೆ: ಅರ್ಧದಷ್ಟು ಮಿಂಚು ಒಂದು ಕಿಲೋಮೀಟರಿನೊಳಗೆ ಎಂಬ ನಮ್ಮ ಲೆಕ್ಕ ಸರಿ. ಎರಡನೆಯದು ಸರಾಸರಿ, ಅದು ಒಮ್ಮೆ 0.3 ಎಂದರೆ ಇನ್ನೊಮ್ಮೆ –4 ಎನ್ನಬಹುದು. ಸುಮಾರು ಅರ್ಧದಷ್ಟು ಸಲ ಅದು ಒಂದು ಕಿಲೋಮೀಟರಿನ ಆಚೆಗೇ ಹೋಗಿ ಬೀಳುತ್ತದೆ. ಎಲ್ಲ ಜಾಗಗಳನ್ನೂ ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು, ಅಂದರೆ ಮಧ್ಯಾಂಕವನ್ನು ತೆಗೆದುಕೊಂಡರೆ ಮಾತ್ರ ದೀಪದ ಎದುರಿನ ಜಾಗ ಸರಿಯಾಗಿ ಸಿಗುತ್ತದೆ.

ಇಲ್ಲಿಯವರೆಗಿನ ಎರಡು ಉದಾಹರಣೆಗಳಲ್ಲೂ ಒಂದು ಅನುಕೂಲವಿತ್ತು. ವಿಸ್ತೀರ್ಣ ಹೇಳಿದರೆ ಬದಿ ಒಂದೇ. ದಡದ ಜಾಗ ಹೇಳಿದರೆ ಕೋನ ಒಂದೇ. ಎಲ್ಲ ಕಡೆ ಹೀಗಿರುವುದಿಲ್ಲ. ಜಾತ್ರೆಯ ಜೈಂಟ್ ವೀಲ್ ತೆಗೆದುಕೊಳ್ಳಿ. ಅದರ ತ್ರಿಜ್ಯ 10 ಮೀಟರ್. ಜನರನ್ನು ಹತ್ತಿಸಲು ನಿಲ್ಲಿಸದೆ ಒಂದೇ ವೇಗದಲ್ಲಿ ತಿರುಗುತ್ತಿದೆ. ಯಾವುದೋ ಒಂದು ಕ್ಷಣದಲ್ಲಿ ಫೋಟೋ ಹೊಡೆದರೆ ನಿಮ್ಮ ತೊಟ್ಟಿಲು ಎಷ್ಟು ಎತ್ತರದಲ್ಲಿ ಸಿಕ್ಕುತ್ತದೆ? ನಡುವಿನ ಅಚ್ಚಿನಿಂದ ಎತ್ತರವನ್ನು ಅಳೆದರೆ h = 10 sin t, ಕೋನ t ಪೂರ್ತಿ ಸುತ್ತಿನಲ್ಲಿ ಎಲ್ಲಿ ಬೇಕಾದರೂ. ಸಾಂದ್ರತೆ 1/(2π). sin tಯ ಡೆರಿವೇಟಿವ್ cos t, ಅದನ್ನು hನಲ್ಲಿ ಬರೆದರೆ ಹಿಗ್ಗುವಿಕೆ √(100 – h²). ಭಾಗಿಸಿದಾಗ ಬರುವುದು 1 ÷ (2π√(100 – h²)).

ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಕೆಳಗಿನಿಂದ ಮೇಲಿನವರೆಗೆ ಕೂಡಿ ನೋಡಿ, ಮೊತ್ತ ಅರ್ಧ ಬರುತ್ತದೆ. ಉಳಿದರ್ಧ ಎಲ್ಲಿ ಹೋಯಿತು? ತೊಟ್ಟಿಲು ಪ್ರತಿ ಎತ್ತರವನ್ನೂ ಒಂದು ಸುತ್ತಿನಲ್ಲಿ ಎರಡು ಸಲ ದಾಟುತ್ತದೆ, ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ನಾವು ಹತ್ತುವುದನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆವು. ಒಂದೇ yಗೆ ಹಲವು x ಇದ್ದಾಗ ಒಂದೊಂದಕ್ಕೂ ಬೇರೆಬೇರೆಯಾಗಿ ಭಾಗಿಸಿ ಕೊನೆಗೆ ಕೂಡಬೇಕು. ಇಲ್ಲಿ ಎರಡೂ ಪಾಲು ಸಮವಾದ್ದರಿಂದ ಉತ್ತರ ಇಮ್ಮಡಿಯಾಗುತ್ತದೆ:

f(h) = 1 ÷ (π√(100 – h²)),  –10 < h < 10

ಎತ್ತರದ ನಟ್ಟನಡುವಿನ ಅರ್ಧವನ್ನು, ಎಂದರೆ –5ರಿಂದ +5 ಮೀಟರ್ ಭಾಗವನ್ನು ತೆಗೆದುಕೊಂಡರೆ ತೊಟ್ಟಿಲು ಅಲ್ಲಿರುವುದು ಮೂರನೇ ಒಂದು ಭಾಗ ಸಮಯ. ಮೇಲಿನ ಕಾಲು ಎತ್ತರದಲ್ಲಿ ಮೂರನೇ ಒಂದು, ಕೆಳಗಿನ ಕಾಲಿನಲ್ಲಿ ಮೂರನೇ ಒಂದು. ತುದಿ ತಲುಪಿದಾಗ ತೊಟ್ಟಿಲು ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ. ಅದಕ್ಕೇ ಎತ್ತರದ ಕೊನೆಯ 10 ಸೆಂಟಿಮೀಟರಿನಲ್ಲಿ ಶೇ. 4.5ರಷ್ಟು ಹೊತ್ತು ಕಳೆಯುತ್ತದೆ, ನಡುವಿನ ಅಷ್ಟೇ 10 ಸೆಂಟಿಮೀಟರಿನಲ್ಲಿ ಶೇ. 0.32ರಷ್ಟು ಮಾತ್ರ. ಮೇಲೆ ಹೋದಾಗ ಬಹಳ ಹೊತ್ತು ಅಲ್ಲೇ ಇದ್ದಂತೆ ಅನ್ನಿಸುವುದಕ್ಕೆ ಹೆದರಿಕೆಯೊಂದೇ ಕಾರಣವಲ್ಲ.

ತುತ್ತತುದಿಯಲ್ಲಿ, h ಸರಿಯಾಗಿ 10 ಆದಾಗ, ಸೂತ್ರದ ಛೇದ ಸೊನ್ನೆಯಾಗಿ ಸಾಂದ್ರತೆ ಅನಂತಕ್ಕೆ ಏರುತ್ತದೆ. ಸೈಟಿನ ಲೆಕ್ಕದಲ್ಲೂ y ಸೊನ್ನೆಯ ಹತ್ತಿರ ಹೋದಾಗ ಹೀಗೇ ಆಗಿತ್ತು. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಸಾಂದ್ರತೆ ಒಂದು ದರ. ದರ ಎಷ್ಟೇ ಏರಿದರೂ ಅದು ಇರುವ ಜಾಗ ಸಾಕಷ್ಟು ಕಿರಿದಾಗಿದ್ದರೆ ಕೂಡಿದ ಮೊತ್ತ ಹದ್ದು ಮೀರುವುದಿಲ್ಲ. ಒಂದು ಬಿಂದುವಿನಲ್ಲಿ ಮಾತ್ರ ಹಿಗ್ಗುವಿಕೆ ಸೊನ್ನೆಯಾದರೆ ಹೀಗೆ ಪಾರಾಗಬಹುದು. ಒಂದಿಡೀ ಉದ್ದಕ್ಕೆ ಸೊನ್ನೆಯಾದರೆ ಪಾರಾಗುವಂತಿಲ್ಲ, ಅಲ್ಲಿ ವಿಧಾನವೇ ಕೈಕೊಡುತ್ತದೆ.

ಹಾಗೆ ಕೈಕೊಡುವುದನ್ನು ಆಟೋ ಮೀಟರಿನಲ್ಲಿ ನೋಡಬಹುದು. ಮೊದಲ 2 ಕಿಲೋಮೀಟರಿಗೆ ಕನಿಷ್ಠ ದರ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಎಂದಿಟ್ಟುಕೊಳ್ಳಿ. ಸವಾರಿಯ ದೂರ ಸೊನ್ನೆಯಿಂದ 10 ಕಿಲೋಮೀಟರಿನೊಳಗೆ ಎಷ್ಟಾದರೂ ಇರಬಹುದು, ಎಲ್ಲಕ್ಕೂ ಸಮಪಾಲು. ಬಾಡಿಗೆಯ ಸಾಂದ್ರತೆ ಏನು? ದೂರದ ಸಾಂದ್ರತೆ ಕಿಲೋಮೀಟರಿಗೆ 1/10, ಹಿಗ್ಗುವಿಕೆ ಕಿಲೋಮೀಟರಿಗೆ 18 ರೂಪಾಯಿ, ಭಾಗಿಸಿದರೆ ರೂಪಾಯಿಗೆ 1/180. ಬಾಡಿಗೆ 36ರಿಂದ 180ರವರೆಗೆ ಹೋಗುತ್ತದೆ, 144 ರೂಪಾಯಿಯ ಹರವು. ಕೂಡಿದರೆ 144/180, ಅಂದರೆ 0.8.

ಈ ಸಲ 0.2 ಕಾಣೆಯಾಗಿದೆ, ಆದರೆ ಜೈಂಟ್ ವೀಲಿನಂತೆ ಯಾವುದೋ ಪಾಲನ್ನು ಕೂಡಲು ಮರೆತದ್ದಲ್ಲ. ಮೊದಲ ಎರಡು ಕಿಲೋಮೀಟರಿನಲ್ಲಿ ದೂರ ಬದಲಾದರೂ ಬಾಡಿಗೆ ಅಲ್ಲಾಡುವುದಿಲ್ಲ, ಡೆರಿವೇಟಿವ್ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬಾರದು. ಎರಡು ಕಿಲೋಮೀಟರಿನೊಳಗಿನ ಎಲ್ಲ ಸವಾರಿಗಳೂ ಒಂದೇ ಮೊತ್ತದ ಮೇಲೆ ರಾಶಿ ಬಿದ್ದಿವೆ: ಬಾಡಿಗೆ ಸರಿಯಾಗಿ 36 ರೂಪಾಯಿ ಆಗುವ ಸಾಧ್ಯತೆಯೇ ಶೇ. 20. ಬಿಂದುವಿಗೆ ಪಾಲು ಸಿಗುವುದಿಲ್ಲ ಎಂದು ಮೊದಲು ಹೇಳಿದ ಮಾತು ಇಲ್ಲಿ ನಡೆಯುವುದಿಲ್ಲ. ಈ ಹಂಚಿಕೆಯನ್ನು ಸಾಂದ್ರತೆಯೊಂದರಿಂದಲೇ ಬರೆಯಲಾಗದು, 36ರಲ್ಲಿ 0.2ರ ಒಂದು ಗಟ್ಟಿ, ಅದರಾಚೆ 180ರವರೆಗೆ ರೂಪಾಯಿಗೆ 1/180ರ ತೆಳು ಹಾಸು ಎಂದು ಎರಡಾಗಿಯೇ ಹೇಳಬೇಕು.

ಗಟ್ಟಿಯನ್ನು ಬಿಟ್ಟರೆ ಎಷ್ಟು ನಷ್ಟ ಎಂದು ಆಟೋ ಚಾಲಕನ ಕಡೆಯಿಂದ ಲೆಕ್ಕ ಹಾಕೋಣ. ತೆಳು ಹಾಸಿನಿಂದ ಸವಾರಿಗೆ ಸರಾಸರಿ 86 ರೂಪಾಯಿ 40 ಪೈಸೆ ಬರುತ್ತದೆ. ಗಟ್ಟಿಯಿಂದ 36ರ ಐದನೇ ಒಂದು ಪಾಲು, 7 ರೂಪಾಯಿ 20 ಪೈಸೆ. ಒಟ್ಟು 93 ರೂಪಾಯಿ 60 ಪೈಸೆ. ಇಷ್ಟೆಲ್ಲ ಏಕೆ, ಸರಾಸರಿ ದೂರ 5 ಕಿಲೋಮೀಟರ್, ಅದಕ್ಕೆ ಮೀಟರ್ 90 ರೂಪಾಯಿ ತೋರಿಸುತ್ತದೆ ಎಂದು ಮುಗಿಸಿಬಿಡುವವನು ಪ್ರತಿ ಸವಾರಿಗೆ 3 ರೂಪಾಯಿ 60 ಪೈಸೆ ಕಡಿಮೆ ಅಂದಾಜು ಮಾಡಿದ ಹಾಗಾಯಿತು.